ಕಲ್ಲಿನ ವೃತ್ತಗಳು ಸೂರ್ಯನಿಗೆ ಮುಖ ಮಾಡಿವೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇತಿಹಾಸಪೂರ್ವ ಕಾಲದ ನಿಲುಗಲ್ಲುಗಳ ಬಗ್ಗೆ ಯಾರ ಜೊತೆ ಮಾತಾಡಿದರೂ ಎರಡೇ ನಿಮಿಷಕ್ಕೆ ಸೂರ್ಯನ ವಿಷಯ ಬರುತ್ತದೆ. "ಅವರಿಗೆ ಆಗಲೇ ಎಲ್ಲಾ ಗೊತ್ತಿತ್ತು" ಅನ್ನುವವರೊಬ್ಬರಾದರೆ, "ಅದೆಲ್ಲಾ ಕಟ್ಟುಕತೆ" ಅನ್ನುವವರು ಇನ್ನೊಬ್ಬರು. ಎರಡೂ ಮಾತನ್ನು ಅಳತೆಗೆ ಹಚ್ಚಿ ನೋಡಬಹುದು. ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಇಂಗ್ಲೆಂಡಿನ ಸ್ಟೋನ್‌ಹೆಂಜನ್ನೇ ಹಿಡಿದಿದ್ದೇನೆ, ಯಾಕೆಂದರೆ ಅದರಷ್ಟು ಅಳತೆ, ಅಗೆತ, ಜಗಳ ಕಂಡ ಇನ್ನೊಂದು ಕಲ್ಲಿನ ವೃತ್ತವಿಲ್ಲ.

ಈ ಸೂರ್ಯನ ಮಾತು ಮೊದಲು ಎಲ್ಲಿಂದ ಬಂತು?

ಸ್ಟೋನ್‌ಹೆಂಜ್ ಅಂದರೆ ಬರೀ ವೃತ್ತವಲ್ಲ. ಹೊರಗೆ ಮಣ್ಣಿನ ದಿಬ್ಬ ಮತ್ತು ಕಂದಕದ ಸುತ್ತು, ಅದರೊಳಗೆ ಮೂವತ್ತು ದೊಡ್ಡ ಕಂಬಗಲ್ಲುಗಳ ವೃತ್ತ, ಅದರೊಳಗೆ ಕುದುರೆ ಲಾಳದ ಆಕಾರದಲ್ಲಿ ಐದು ಭಾರಿ ಕಲ್ಲುಬಾಗಿಲುಗಳು. ಒಂದೊಂದು ಬಾಗಿಲೆಂದರೆ ಎರಡು ಕಂಬ, ಮೇಲೊಂದು ತೊಲೆಗಲ್ಲು. ಈ ದೊಡ್ಡ ಕಲ್ಲುಗಳು ಎದ್ದಿದ್ದು ಕ್ರಿ.ಪೂ. 2500ರ ಸುಮಾರಿಗೆ. ಲಾಳದ ಬಾಯಿ ಈಶಾನ್ಯಕ್ಕೆ ತೆರೆದಿದೆ. ಅದೇ ದಿಕ್ಕಿಗೆ, ಎರಡೂ ಬದಿ ಕಂದಕ ತೋಡಿದ ಒಂದು ಅಗಲವಾದ ಹಾದಿ ನೇರವಾಗಿ ಹೊರಡುತ್ತದೆ. ಅದನ್ನು ಅವೆನ್ಯೂ ಅನ್ನುತ್ತಾರೆ.

18ನೇ ಶತಮಾನದ ಮೊದಲರ್ಧದಲ್ಲಿ ವಿಲಿಯಂ ಸ್ಟ್ಯೂಕ್ಲಿ ಎಂಬವರು ಈ ಹಾದಿಯನ್ನು ಗುರುತಿಸಿ, ಇಡೀ ಕಟ್ಟಡದ ನಡುಗೆರೆ ವರ್ಷದ ಅತಿ ಉದ್ದದ ಹಗಲಿನ ಸೂರ್ಯೋದಯದ ಕಡೆಗಿದೆ ಎಂದು 1740ರಲ್ಲಿ ಪ್ರಕಟಿಸಿದರು. ಅವರು ಇದಕ್ಕೆ ಡ್ರೂಯಿಡ್ ಪುರೋಹಿತರ ಕತೆ ಕಟ್ಟಿದ್ದು ತಪ್ಪು, ಕಲ್ಲುಗಳು ಡ್ರೂಯಿಡರಿಗಿಂತ ಎಷ್ಟೋ ಹಳೆಯವು. ದಿಕ್ಕಿನ ಗಮನಿಕೆ ಮಾತ್ರ ಉಳಿದುಕೊಂಡಿತು.

ಸೂರ್ಯ ಹುಟ್ಟುವುದು ಪೂರ್ವದಲ್ಲಿ ತಾನೇ? ಈಶಾನ್ಯ ಎಲ್ಲಿಂದ ಬಂತು?

ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟುವುದು ವರ್ಷದಲ್ಲಿ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವ ದಿನಗಳ ಹೊತ್ತಿಗೆ. ಉಳಿದಂತೆ ಹುಟ್ಟುವ ಜಾಗ ದಿಗಂತದ ಉದ್ದಕ್ಕೂ ಸರಿಯುತ್ತಿರುತ್ತದೆ. ಶಿವಮೊಗ್ಗದ ನಮ್ಮ ಮನೆ ತಾರಸಿಯಿಂದ ನೋಡಿದರೆ ಡಿಸೆಂಬರಿನಲ್ಲಿ ಸೂರ್ಯ ಎದುರುಮನೆ ನೀರಿನ ಟ್ಯಾಂಕಿನ ಬಲಕ್ಕೆ ಏಳುತ್ತಾನೆ, ಜೂನ್ ಹೊತ್ತಿಗೆ ಮೋಡ ಬಿಟ್ಟರೆ ಎಡಗಡೆಯ ತೆಂಗಿನ ಮರಗಳಾಚೆಗೆ. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ. ಇಲ್ಲಿ ಸೂರ್ಯ ಪೂರ್ವದಿಂದ ಎಡಕ್ಕೆ 24, ಬಲಕ್ಕೆ 24 ಡಿಗ್ರಿ ಅಲೆದಾಡುತ್ತಾನೆ. ಸ್ಟೋನ್‌ಹೆಂಜ್ ಇರುವುದು 51 ಡಿಗ್ರಿ ಉತ್ತರದಲ್ಲಿ. ಅಲ್ಲಿ ಈ ಅಲೆದಾಟ ಎರಡೂ ಕಡೆಗೆ 39 ಡಿಗ್ರಿಯಷ್ಟು. ಹಾಗಾಗಿ ಜೂನ್ ಕೊನೆಯ ಸೂರ್ಯೋದಯ ಅಲ್ಲಿ ನಿಜಕ್ಕೂ ಈಶಾನ್ಯದಲ್ಲೇ ಆಗುತ್ತದೆ.

ಎರಡು ತುದಿಗಳಲ್ಲಿ ಸೂರ್ಯ ನಿಂತು ಹಿಂದಿರುಗುತ್ತಾನೆ. ಅವೇ ಅಯನ ಸಂಕ್ರಾಂತಿಗಳು, ಜೂನ್ 21 ಮತ್ತು ಡಿಸೆಂಬರ್ 21ರ ಆಸುಪಾಸು. ಮುಂದೆ ಇವನ್ನು ಜೂನ್ ಅಯನ, ಡಿಸೆಂಬರ್ ಅಯನ ಎಂದು ಕರೆಯುತ್ತೇನೆ. ತುದಿಯ ಹತ್ತಿರ ಸರಿಯುವುದು ತೀರಾ ನಿಧಾನ. ಸ್ಟೋನ್‌ಹೆಂಜಿನಲ್ಲಿ ಅಯನದ ದಿನಕ್ಕೂ ಅದಕ್ಕೆ ಒಂದು ವಾರ ಮೊದಲಿನ ದಿನಕ್ಕೂ ಉದಯದ ಜಾಗದಲ್ಲಿ ಆಗುವ ವ್ಯತ್ಯಾಸ ಸೂರ್ಯಬಿಂಬದ ಅಗಲಕ್ಕಿಂತ ಕಡಿಮೆ. ವಿಷುವದ ಹೊತ್ತಿಗಾದರೆ ಒಂದೇ ದಿನಕ್ಕೆ ಬಿಂಬದಗಲಕ್ಕಿಂತ ಹೆಚ್ಚು ಸರಿಯುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜೂನ್ 21ರಂದು ಸೂರ್ಯ ಹೀಲ್ ಸ್ಟೋನ್ ನೆತ್ತಿಯ ಮೇಲೇ ಹುಟ್ಟುತ್ತಾನಂತೆ, ಹೌದಾ?

ಇಲ್ಲ. ಹೀಲ್ ಸ್ಟೋನ್ ಅಂದರೆ ವೃತ್ತದ ಆಚೆ ಅವೆನ್ಯೂದಲ್ಲಿ ಒಂಟಿಯಾಗಿ ನಿಂತ, ಸ್ವಲ್ಪ ವಾಲಿದ ಒರಟು ಕಲ್ಲು. ವೃತ್ತದ ಮಧ್ಯದಲ್ಲಿ ನಿಂತು ನೋಡಿದರೆ ಸೂರ್ಯನ ಮೊದಲ ಕಿರಣ ಅದರ ಎಡಗಡೆ ಕಾಣಿಸುತ್ತದೆ. ಆಮೇಲೆ ಸೂರ್ಯ ಏಳುತ್ತಾ ಬಲಕ್ಕೆ ಸರಿದು ಕಲ್ಲಿನ ತಲೆಯ ಕಡೆಗೆ ಬರುತ್ತಾನೆ. ಫೋಟೋಗಳಲ್ಲಿ ನೀವು ನೋಡುವುದು ಈ ಎರಡನೇ ಗಳಿಗೆ.

1979ರಲ್ಲಿ ಪಕ್ಕದ ರಸ್ತೆಯ ಅಂಚಿನಲ್ಲಿ ಕೇಬಲ್ ಹಾಕಲು ಅಗೆದಾಗ ಪುರಾತತ್ವಜ್ಞ ಮೈಕ್ ಪಿಟ್ಸ್‌ಗೆ ಹೀಲ್ ಸ್ಟೋನ್‌ನ ಎಡಕ್ಕೆ ಇನ್ನೊಂದು ಕಲ್ಲು ನಿಂತಿದ್ದ ಗುಂಡಿ ಸಿಕ್ಕಿತು. ಅಲ್ಲಿ ಒಂದು ಜೋಡಿ ಇದ್ದಿರಬಹುದು, ಸೂರ್ಯ ಆ ಎರಡರ ಸಂದಿನಲ್ಲಿ ಹುಟ್ಟುತ್ತಿದ್ದಿರಬಹುದು ಎಂಬ ವಾದ ಆಗ ಬಂತು. ಗುಂಡಿಯಲ್ಲಿದ್ದದ್ದು ಬೇರೆ ಕಲ್ಲಲ್ಲ, ಹೀಲ್ ಸ್ಟೋನೇ ಮೊದಲು ಅಲ್ಲಿತ್ತು ಎಂದು ಹೇಳಲೂ ಸಾಧ್ಯ. ಒಂದು ಖಾಲಿ ಗುಂಡಿಯಿಂದ ಇದಕ್ಕಿಂತ ಹೆಚ್ಚು ಹಿಂಡಲಾಗದು.

ಇನ್ನೊಂದು ವಿಷಯ. ನಡುಗೆರೆಗೆ ಎರಡು ತುದಿ. ಈಶಾನ್ಯ ತುದಿ ಜೂನ್ ಸೂರ್ಯೋದಯದ ಕಡೆಗಿದ್ದರೆ, ನೈರುತ್ಯ ತುದಿ ಡಿಸೆಂಬರ್ ಸೂರ್ಯಾಸ್ತದ ಕಡೆಗಿದೆ. ಅವೆನ್ಯೂದಲ್ಲಿ ನಡೆದು ಬರುವವರ ಮುಖ ಇರುವುದು ಡಿಸೆಂಬರಿನ ಮುಳುಗುವ ಸೂರ್ಯನ ಕಡೆಗೆ. ಅತಿ ಎತ್ತರದ ಕಲ್ಲುಬಾಗಿಲು ಇರುವುದೂ ಅದೇ ತುದಿಯಲ್ಲಿ. ಕಟ್ಟಿದವರಿಗೆ ಮುಖ್ಯವಾಗಿದ್ದದ್ದು ಚಳಿಗಾಲದ ಆ ಸಂಜೆ ಎಂದೇ ಇವತ್ತು ಹೆಚ್ಚಿನ ಸಂಶೋಧಕರ ಒಲವು. ನನಗೂ ಹಾಗೇ ಅನ್ನಿಸುತ್ತದೆ, ಕಾರಣ ಕೆಳಗೆ ಬರುತ್ತದೆ.

ಇಷ್ಟು ಕಲ್ಲುಗಳಿರುವಾಗ ಯಾವುದಾದರೂ ಎರಡು ಸೂರ್ಯನಿಗೆ ಹೊಂದಿಯೇ ಹೊಂದುತ್ತವೆ ಅಲ್ಲವೇ?

ಇಡೀ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ ಇದು. ಲೆಕ್ಕ ಹಾಕಿಯೇ ನೋಡೋಣ.

ಒಂದು ಬಯಲಿನಲ್ಲಿ ಹತ್ತು ಕಲ್ಲು ಮನಬಂದಂತೆ ನಿಂತಿವೆ ಎಂದುಕೊಳ್ಳಿ. ಪ್ರತಿ ಕಲ್ಲಿನ ಬಳಿ ನಿಂತು ಉಳಿದ ಒಂಬತ್ತನ್ನು ನೋಡಬಹುದು. ಅಲ್ಲಿಗೆ 90 ನೋಟಗೆರೆಗಳಾದವು. ಹುಡುಕುವುದು ನಾಲ್ಕು ದಿಕ್ಕು: ಎರಡು ಅಯನಗಳ ಉದಯ ಮತ್ತು ಅಸ್ತ. ಆಚೀಚೆ ಒಂದು ಡಿಗ್ರಿ ತಪ್ಪಿದರೂ ಒಪ್ಪುತ್ತೇವೆ ಅಂದರೆ ಪ್ರತಿ ಗುರಿಗೂ 2 ಡಿಗ್ರಿ ಅಗಲ ಸಿಕ್ಕಿತು. ನಾಲ್ಕೂ ಸೇರಿ 360ರಲ್ಲಿ 8 ಡಿಗ್ರಿ, ನೂರಕ್ಕೆ ಎರಡು ಚಿಲ್ಲರೆ ಪಾಲು. 90 ಗೆರೆಗಳಲ್ಲಿ ಎರಡು ಬರೀ ಆಕಸ್ಮಿಕವಾಗಿ ಹೊಂದಿಬಿಡುತ್ತವೆ.

ಇಷ್ಟಕ್ಕೇ ನಿಲ್ಲದೆ ಚಂದ್ರನನ್ನೂ ಸೇರಿಸಿದರೆ? ಚಂದ್ರನ ಅಲೆದಾಟದ ತುದಿಗಳು 18.6 ವರ್ಷದ ಚಕ್ರದಲ್ಲಿ ಹಿಗ್ಗಿ ಕುಗ್ಗುತ್ತವೆ, ಅವುಗಳಿಂದ ಇನ್ನೂ ಎಂಟು ಗುರಿ. ಒಟ್ಟು ಹನ್ನೆರಡು ಗುರಿ, 24 ಡಿಗ್ರಿ. ಈಗ ಆಕಸ್ಮಿಕವಾಗಿ ಹೊಂದುವ ಗೆರೆಗಳು ಆರಾಗುತ್ತವೆ. ಕಲ್ಲು ನಿಲ್ಲಿಸಿದವರು ಆಕಾಶವನ್ನು ಕಣ್ಣೆತ್ತಿ ನೋಡಿರದಿದ್ದರೂ ಇಷ್ಟು ಸಿಗುತ್ತಿತ್ತು.

1963ರಲ್ಲಿ ಖಗೋಳಜ್ಞ ಜೆರಾಲ್ಡ್ ಹಾಕಿನ್ಸ್ ಸ್ಟೋನ್‌ಹೆಂಜಿನ ಕಲ್ಲು, ಗುಂಡಿಗಳ ಸ್ಥಾನಗಳನ್ನು ಅಂದಿನ ಐಬಿಎಂ ಕಂಪ್ಯೂಟರಿಗೆ ಕೊಟ್ಟು, ಸೂರ್ಯ ಚಂದ್ರರಿಗೆ ಹೊಂದುವ ಗೆರೆಗಳನ್ನು ಹೊರತೆಗೆದಾಗ ಜಗತ್ತೇ ಬೆರಗಾಯಿತು. ಅಲ್ಲಿ ಅಗೆದಿದ್ದ ಪುರಾತತ್ವಜ್ಞ ರಿಚರ್ಡ್ ಅಟ್ಕಿನ್ಸನ್ ತಕರಾರು ಎತ್ತಿದ್ದು ಈ ಸಂಭವದ ಲೆಕ್ಕದ ಮೇಲೆಯೇ. ಎಷ್ಟು ಗೆರೆ ಹೊಂದಿತು ಎಂಬುದು ಅರ್ಧ ಮಾತು. ಎಷ್ಟು ಗೆರೆಗಳಲ್ಲಿ ಹುಡುಕಿದಿರಿ ಎಂಬುದು ಉಳಿದರ್ಧ. ಅದನ್ನು ಹೇಳದ ಯಾವ ಲೇಖನವನ್ನೂ ನಂಬಬೇಡಿ.

ಸ್ಟೋನ್‌ಹೆಂಜಿನ ನಡುಗೆರೆ ಗಟ್ಟಿಯಾಗಿ ನಿಲ್ಲುವುದು ಇಲ್ಲೇ. ಅದನ್ನು ಯಾರೂ ನೂರಾರು ಗೆರೆಗಳಿಂದ ಆರಿಸಿ ತೆಗೆದದ್ದಲ್ಲ. ಲಾಳದ ಬಾಯಿ, ಪ್ರವೇಶ, ಅವೆನ್ಯೂ ಮೂರೂ ತೋರಿಸುವ ಒಂದೇ ಗೆರೆ ಅದು. ಕಟ್ಟಡವೇ ಬೆರಳು ಮಾಡಿ ತೋರಿಸುತ್ತಿದೆ.

ದಿಕ್ಕನ್ನು ಅಳೆಯುವುದು ಹೇಗೆ? ಮೊಬೈಲಿನ ದಿಕ್ಸೂಚಿ ಸಾಕೇ?

ಸಾಲದು. ಕಾಂತೀಯ ಉತ್ತರ ಬೇರೆ, ನಿಜವಾದ ಉತ್ತರ ಬೇರೆ. ಅದರ ಮೇಲೆ ಹತ್ತಿರ ಕಬ್ಬಿಣವಿದ್ದರೆ ಅದೂ ಎಳೆಯುತ್ತದೆ. ನಮ್ಮ ಮನೆ ಗೇಟಿನ ಬಳಿ ಮೊಬೈಲ್ ಹಿಡಿದು ಮೂರು ಹೆಜ್ಜೆ ಹಿಂದೆ ಸರಿದರೆ ಮುಳ್ಳು ಹತ್ತು ಡಿಗ್ರಿ ತಿರುಗುತ್ತದೆ. ಸೂರ್ಯಬಿಂಬದ ಅಗಲ ಅರ್ಧ ಡಿಗ್ರಿ ಮಾತ್ರ. ಕಬ್ಬಿಣದ ಅಂಶವಿರುವ ಬಂಡೆಗಳ ನಡುವೆ ಹೀಗೆ ಅಳೆದು ಬರೆದ ದಿಕ್ಕುಗಳಿಗೆ ಬೆಲೆಯಿಲ್ಲ.

ಕೆಲಸ ಗೊತ್ತಿದ್ದವರು ಥಿಯೋಡೊಲೈಟ್ ಅಥವಾ ಟೋಟಲ್ ಸ್ಟೇಷನ್ ಎಂಬ ಕೋನ ಅಳೆಯುವ ಸರ್ವೇ ಉಪಕರಣ ಇಟ್ಟು, ತಕ್ಕ ಸೋಸುಗಾಜು ಹಾಕಿ ಸೂರ್ಯನನ್ನೇ ಹಿಡಿಯುತ್ತಾರೆ. ಇಂಥ ಸೆಕೆಂಡಿಗೆ ಸೂರ್ಯ ಆ ಊರಿನ ಆಕಾಶದಲ್ಲಿ ಎಲ್ಲಿರಬೇಕು ಎಂಬುದು ಲೆಕ್ಕದಿಂದ ಗೊತ್ತಿರುತ್ತದೆ. ಅದರಿಂದ ಉಪಕರಣದ ಸೊನ್ನೆಯನ್ನು ನಿಜವಾದ ಉತ್ತರಕ್ಕೆ ಹೊಂದಿಸಬಹುದು. ಆಮೇಲೆ ಎರಡು ಅಳತೆ ಬೇಕು. ಒಂದು, ಗೆರೆ ಉತ್ತರದಿಂದ ಎಷ್ಟು ಡಿಗ್ರಿ ತಿರುಗಿದೆ ಎಂಬ ದಿಗಂಶ. ಇನ್ನೊಂದು, ಆ ದಿಕ್ಕಿನಲ್ಲಿ ಗುಡ್ಡದ ಅಂಚು ಎಷ್ಟು ಎತ್ತರಕ್ಕೆ ಕಾಣುತ್ತದೆ ಎಂಬುದು.

ಎರಡನೆಯದನ್ನು ಮರೆಯುವವರೇ ಹೆಚ್ಚು. 51 ಡಿಗ್ರಿ ಉತ್ತರದಲ್ಲಿ ಜೂನ್ ಸೂರ್ಯ ನೇರ ಏಳುವುದಿಲ್ಲ, ದಿಗಂತಕ್ಕೆ 32 ಡಿಗ್ರಿಯಷ್ಟು ಓರೆಯಲ್ಲಿ ಜಾರುತ್ತಾ ಏಳುತ್ತಾನೆ. ಎದುರಿಗೆ 3 ಡಿಗ್ರಿ ಎತ್ತರದ ಗುಡ್ಡವಿದ್ದರೆ ಸೂರ್ಯ ಕಾಣಿಸಿಕೊಳ್ಳುವ ಜಾಗ ಹತ್ತಿರ ಹತ್ತಿರ 5 ಡಿಗ್ರಿ ಬಲಕ್ಕೆ ಹೋಗುತ್ತದೆ. ನಕ್ಷೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದರೆ ಇದು ಗೊತ್ತಾಗುವುದೇ ಇಲ್ಲ.

ನಾಲ್ಕೂವರೆ ಸಾವಿರ ವರ್ಷದಲ್ಲಿ ಆಕಾಶವೇ ಬದಲಾಗಿರುವುದಿಲ್ಲವೇ?

ಬದಲಾಗಿದೆ, ಆದರೆ ಬಹಳ ಜನ ಅಂದುಕೊಂಡ ರೀತಿಯಲ್ಲಿ ಅಲ್ಲ. ನಮ್ಮ ಮಕರ ಸಂಕ್ರಾಂತಿ ಜನವರಿ 14ರ ಹೊತ್ತಿಗೆ ಬರುತ್ತದೆ, ನಿಜವಾದ ಅಯನ ಅದಕ್ಕೆ ಮೂರು ವಾರಕ್ಕೂ ಮೊದಲೇ ಮುಗಿದಿರುತ್ತದೆ. ಈ ಅಂತರ ಬಂದದ್ದು ಅಯನ ಚಲನೆಯಿಂದ, ಅಂದರೆ ಬುಗುರಿಯಂತೆ ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಸುತ್ತು ಹಾಕುವುದರಿಂದ. ಇದು ನಕ್ಷತ್ರಗಳ ಹುಟ್ಟು ಮುಳುಗಿನ ಜಾಗವನ್ನು ತುಂಬಾ ಬದಲಿಸುತ್ತದೆ. ಅಯನದ ದಿನ ಸೂರ್ಯ ಹುಟ್ಟುವ ಜಾಗವನ್ನು ಬದಲಿಸುವುದಿಲ್ಲ.

ಅದನ್ನು ಬದಲಿಸುವುದು ಅಕ್ಷದ ಓರೆ. ಕ್ರಿ.ಪೂ. 2500ರಲ್ಲಿ ಅದು ಸುಮಾರು 23.98 ಡಿಗ್ರಿ ಇತ್ತು, ಈಗ 23.44. ಶತಮಾನಕ್ಕೆ ಡಿಗ್ರಿಯ ನೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಇಳಿಕೆ. ಸ್ಟೋನ್‌ಹೆಂಜಿನಲ್ಲಿ ಇದರಿಂದ ಉದಯದ ಜಾಗ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಬಿಂಬದಗಲ, ಬಲಕ್ಕೆ ಬಂದಿದೆ.

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಬಹುದೇ?

ಅಳೆದ ದಿಕ್ಕನ್ನು ಕ್ರಾಂತಿಗೆ ಬದಲಿಸಬೇಕು. ಪಂಚಾಂಗ ಬಲ್ಲವರಿಗೆ ಈ ಪದ ಗೊತ್ತು: ಆಕಾಶದ ವಿಷುವದ್ವೃತ್ತದಿಂದ ಒಂದು ಕಾಯ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕಿದೆ ಎಂಬುದು. ಜೂನ್ ಅಯನದಂದು ಸೂರ್ಯನ ಕ್ರಾಂತಿ ಅಕ್ಷದ ಓರೆಯಷ್ಟೇ ಇರುತ್ತದೆ. ಸೂತ್ರ ಒಂದೇ ಸಾಲು:

```
sin δ = sin φ · sin h + cos φ · cos h · cos A
```

ಇಲ್ಲಿ δ ಕ್ರಾಂತಿ, φ ಅಕ್ಷಾಂಶ, A ದಿಗಂಶ, h ಸೂರ್ಯಬಿಂಬದ ನಡುವಿನ ನಿಜವಾದ ಎತ್ತರ. ಸ್ಟೋನ್‌ಹೆಂಜಿಗೆ φ = 51.18, ಅವೆನ್ಯೂದ ದಿಗಂಶ ಸುಮಾರು 49.9. ಆ ಕಡೆ ದಿಗಂತದ ಎತ್ತರ ಸುಮಾರು 0.6 ಡಿಗ್ರಿ. ಗಾಳಿ ಬೆಳಕನ್ನು ಬಗ್ಗಿಸುವುದರಿಂದ ದಿಗಂತದ ಬಳಿ ಸೂರ್ಯ ಇರುವುದಕ್ಕಿಂತ ಅರ್ಧ ಡಿಗ್ರಿಯಷ್ಟು ಮೇಲೆ ಕಾಣುತ್ತಾನೆ. ಈ ವಕ್ರೀಭವನಕ್ಕೆ 0.46 ಕಳೆಯೋಣ.

ಈಗ ಒಂದು ತೊಡಕು. ಸೂರ್ಯೋದಯ ಅಂದರೆ ಯಾವ ಗಳಿಗೆ? ಮೇಲಂಚು ಇಣುಕಿದ ಗಳಿಗೆಯೇ, ಅರ್ಧ ಬಿಂಬ ಕಂಡ ಗಳಿಗೆಯೇ, ಇಡೀ ಬಿಂಬ ಗುಡ್ಡದ ಮೇಲೆ ಕೂತ ಗಳಿಗೆಯೇ? ಅಲ್ಲಿ ಈ ಮೊದಲ ಗಳಿಗೆಯಿಂದ ಕೊನೆಯ ಗಳಿಗೆಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ, ಅಷ್ಟರಲ್ಲಿ ಸೂರ್ಯ 0.86 ಡಿಗ್ರಿ ಬಲಕ್ಕೆ ಜಾರಿರುತ್ತಾನೆ. ಅರ್ಧ ಬಿಂಬ ಹಿಡಿದರೆ h = 0.14, ಉತ್ತರ 23.9 ಡಿಗ್ರಿ. ಮೇಲಂಚು ಹಿಡಿದರೆ 23.7. ಇಡೀ ಬಿಂಬ ಹಿಡಿದರೆ 24.2. ಕ್ರಿ.ಪೂ. 2500ರ 23.98 ಇವುಗಳ ನಡುವೆ ಬಂದು ಕೂರುತ್ತದೆ.

ಹೊಂದಿಕೆ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಎಂದು ಅರ್ಧ ಡಿಗ್ರಿಗಿಂತ ನಿಖರವಾಗಿ ಹೇಳಲು ಮಾತ್ರ ಬರುವುದಿಲ್ಲ, ಏಕೆಂದರೆ ಕಟ್ಟಿದವರು ಯಾವ ಗಳಿಗೆಯನ್ನು ಸೂರ್ಯೋದಯ ಅಂದರೋ ನಮಗೆ ಹೇಳಿಹೋಗಿಲ್ಲ.

ಹಾಗಾದರೆ ಇದೇ ಲೆಕ್ಕವನ್ನು ತಿರುಗಿಸಿ ಕಟ್ಟಿದ ವರ್ಷ ಕಂಡುಹಿಡಿಯಬಹುದಲ್ಲ?

ಒಬ್ಬರು ಹಾಗೇ ಮಾಡಿದರು. ಹೀಲಿಯಂ ಕಂಡುಹಿಡಿದವರಲ್ಲಿ ಒಬ್ಬರಾದ ನಾರ್ಮನ್ ಲಾಕ್ಯರ್ 1901ರಲ್ಲಿ ಪೆನ್‌ರೋಸ್ ಜೊತೆ ಸೇರಿ ನಡುಗೆರೆಯನ್ನು ಅಳೆದು, ಅಕ್ಷದ ಓರೆ ಯಾವಾಗ ಅದಕ್ಕೆ ಹೊಂದುತ್ತಿತ್ತು ಎಂದು ಲೆಕ್ಕ ಹಾಕಿ, ಸ್ಟೋನ್‌ಹೆಂಜ್ ಕ್ರಿ.ಪೂ. 1680ರದ್ದು, ಆಚೀಚೆ ಇನ್ನೂರು ವರ್ಷ ಎಂದು ತೀರ್ಮಾನಿಸಿದರು. ರೇಡಿಯೋ ಕಾರ್ಬನ್ ಕಾಲನಿರ್ಣಯ ಬಂದ ಮೇಲೆ ಉತ್ತರ ಎಂಟುನೂರು ವರ್ಷ ತಪ್ಪಿದೆ ಎಂದು ತಿಳಿಯಿತು.

ಎಡವಿದ್ದು ಎಲ್ಲಿ ಅಂತ ಮೇಲಿನ ಲೆಕ್ಕದಲ್ಲೇ ಕಾಣುತ್ತದೆ. ಅವರು ಮೇಲಂಚು ಇಣುಕಿದ ಗಳಿಗೆಯನ್ನೇ ಸೂರ್ಯೋದಯ ಎಂದು ಹಿಡಿದರು. ಗೆರೆಯ ದೂರದ ತುದಿಯಾಗಿ, ಕಟ್ಟಿದವರಿಗೆ ಸಂಬಂಧವಿತ್ತೆಂದು ಹೇಳಲಾಗದ ಮೈಲಿಗಟ್ಟಲೆ ಆಚೆಯ ಸಿಡ್‌ಬರಿ ಬೆಟ್ಟದ ಮೇಲಿನ ಸರ್ವೇ ಗುರುತನ್ನು ಒಪ್ಪಿಕೊಂಡರು. ಮೇಲಂಚಿಗೂ ಇಡೀ ಬಿಂಬಕ್ಕೂ ಕ್ರಾಂತಿಯಲ್ಲಿ ಅರ್ಧ ಡಿಗ್ರಿ ವ್ಯತ್ಯಾಸ. ಅಕ್ಷದ ಓರೆ ಅರ್ಧ ಡಿಗ್ರಿ ಇಳಿಯಲು ಮೂರು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಸೂರ್ಯೋದಯದ ವ್ಯಾಖ್ಯೆ ಬದಲಿಸಿದರೆ ಕಾಲ ಮೂರು ಸಹಸ್ರಮಾನ ಜಿಗಿಯುತ್ತದೆ. ಅಂಥ ಗಡಿಯಾರದಿಂದ ಇನ್ನೂರು ವರ್ಷದ ನಿಖರತೆ ಸಿಗದು. ಸೂರ್ಯನ ದಿಕ್ಕಿನಿಂದಲೇ ಕಲ್ಲುಗಳ ಕಾಲ ಹೇಳುವ ಯಾವ ಬರಹ ಕಂಡರೂ ಈ ಲೆಕ್ಕ ನೆನೆಸಿಕೊಳ್ಳಿ.

ಕಲ್ಲುಗಳನ್ನು ಆಮೇಲೆ ಎತ್ತಿ ನಿಲ್ಲಿಸಿದ್ದಾರಂತೆ. ಅಂದಮೇಲೆ ಅಳತೆಗೆ ಅರ್ಥವಿದೆಯೇ?

ಕೆಲವನ್ನು ನಿಲ್ಲಿಸಿದ್ದು ನಿಜ. 1901ರಲ್ಲಿ ಅತಿ ದೊಡ್ಡ ಕಲ್ಲುಬಾಗಿಲಿನ ಉಳಿದ ಕಂಬ ಅಪಾಯಕರವಾಗಿ ವಾಲಿದ್ದನ್ನು ನೆಟ್ಟಗೆ ಮಾಡಿದರು. 1797ರಲ್ಲಿ ಬಿದ್ದಿದ್ದ ಇನ್ನೊಂದು ಕಲ್ಲುಬಾಗಿಲನ್ನು 1958ರಲ್ಲಿ ಎತ್ತಿ ನಿಲ್ಲಿಸಿದರು. ಆದರೆ ಹಳೆಯ ಗುಂಡಿಗಳು ಇದ್ದವು, ಹಳೆಯ ನಕ್ಷೆ ಚಿತ್ರಗಳೂ ಇದ್ದವು. ಮುಖ್ಯವಾಗಿ, ನಡುಗೆರೆಯ ವಾದ ಒಂದು ಕಲ್ಲಿನ ಅಂಚಿನ ಮೇಲೆ ನಿಂತಿಲ್ಲ. ಅವೆನ್ಯೂದ ಕಂದಕಗಳನ್ನು ಯಾರೂ ನೆಟ್ಟಗೆ ಮಾಡಿಲ್ಲ. ಒಂದು ಕಲ್ಲಿನ ತುದಿಯಿಂದ ಇನ್ನೊಂದರ ತುದಿಗೆ ಕೂದಲೆಳೆಯ ನಿಖರತೆ ಹೇಳುವವರಿಗೆ ಮಾತ್ರ ಈ ಪ್ರಶ್ನೆ ಮಾರಕ.

ದಿಕ್ಕಿನ ಹೊರತಾಗಿ ಬೇರೆ ಸಾಕ್ಷ್ಯ ಇದೆಯೇ?

ಇದೆ, ಮತ್ತು ನನ್ನ ಮನಸ್ಸನ್ನು ಗೆದ್ದದ್ದು ಅದೇ. ಒಂದು ಊಹೆ ಸರಿಯಿದ್ದರೆ ಬೇರೆ ಕಡೆಯಿಂದಲೂ ಅದರ ಗುರುತು ಸಿಗಬೇಕು.

ಮೊದಲನೆಯದು ಕಂದಕ. ಹೊರಸುತ್ತಿನ ಕಂದಕ ಕ್ರಿ.ಪೂ. 3000ದ ಸುಮಾರಿನದು, ಅದರ ಈಶಾನ್ಯ ಪ್ರವೇಶ ಅಯನದ ಗೆರೆಗೆ ಸರಿಯಾಗಿ ಕೂತಿರಲಿಲ್ಲ. ಆಮೇಲಿನವರು ಪ್ರವೇಶದ ಪೂರ್ವ ಬದಿಯಲ್ಲಿ ಒಂದಷ್ಟು ಕಂದಕವನ್ನು ಮಣ್ಣು ತುಂಬಿ ಮುಚ್ಚಿ, ಬಾಗಿಲನ್ನು ಹೊಸ ಗೆರೆಗೆ ಹೊಂದುವಂತೆ ಅಗಲ ಮಾಡಿದ್ದಾರೆ. ಅಗೆದಾಗ ಆ ತುಂಬಿದ ಮಣ್ಣು ಕಾಣುತ್ತದೆ. ಹೊಂದದಿದ್ದುದನ್ನು ಕಷ್ಟಪಟ್ಟು ತಿದ್ದಿದವರಿಗೆ ದಿಕ್ಕಿನ ಅರಿವಿತ್ತು ಅನ್ನಲೇಬೇಕು.

ಎರಡನೆಯದು ಕಲ್ಲುಗಳ ಕೆತ್ತನೆ. 2012ರಲ್ಲಿ ಪ್ರಕಟವಾದ ಲೇಸರ್ ಸ್ಕ್ಯಾನ್ ಅಧ್ಯಯನದಲ್ಲಿ, ಈಶಾನ್ಯದ ಅವೆನ್ಯೂದಿಂದ ಬರುವವರಿಗೆ ಎದುರಾಗುವ ಮುಖಗಳನ್ನು ಹೆಚ್ಚು ಜತನದಿಂದ ನಯಮಾಡಿರುವುದು ಕಂಡುಬಂತು.

ಮೂರನೆಯದು ಹಂದಿಯ ಹಲ್ಲು. ಸ್ಟೋನ್‌ಹೆಂಜಿನಿಂದ ಮೂರು ಕಿಲೋಮೀಟರಿನಷ್ಟು ದೂರದ ಡರಿಂಗ್ಟನ್ ವಾಲ್ಸ್‌ನಲ್ಲಿ ಅದೇ ಕಾಲದ ಮನೆಗಳು ಮತ್ತು ರಾಶಿ ರಾಶಿ ಹಂದಿ ಮೂಳೆ ಸಿಕ್ಕಿವೆ. ಹಂದಿಯ ವಯಸ್ಸನ್ನು ಹಲ್ಲು ಮೂಡಿದ, ಸವೆದ ರೀತಿಯಿಂದ ಹೇಳಬಹುದು. ಬಹಳಷ್ಟು ಹಂದಿಗಳನ್ನು ಸುಮಾರು ಒಂಬತ್ತು ತಿಂಗಳಿಗೆ ಕಡಿದಿದ್ದಾರೆ. ಮರಿ ಹಾಕುವುದು ವಸಂತದಲ್ಲಿ, ಒಂಬತ್ತು ಕೂಡಿಸಿದರೆ ಬರುವುದು ನಡುಚಳಿಗಾಲ. ಔತಣ ನಡೆದದ್ದು ಡಿಸೆಂಬರ್ ಅಯನದ ಆಸುಪಾಸಿನಲ್ಲಿ. ಈ ಲೆಕ್ಕಕ್ಕೂ ಥಿಯೋಡೊಲೈಟಿಗೂ ಯಾವ ನಂಟೂ ಇಲ್ಲ, ಆದರೂ ಎರಡೂ ಒಂದೇ ಋತುವನ್ನು ಹೇಳುತ್ತವೆ.

ಇದರ ಜೊತೆಗೆ 2008ರಲ್ಲಿ ಮೈಕ್ ಪಾರ್ಕರ್ ಪಿಯರ್ಸನ್ ತಂಡ ಅವೆನ್ಯೂವನ್ನು ಅಗೆದಾಗ, ಹಿಮಯುಗದ ಚಳಿಯಲ್ಲಿ ಸುಣ್ಣಕಲ್ಲಿನ ನೆಲದಲ್ಲಿ ತಾನಾಗೇ ಮೂಡಿದ ಉದ್ದನೆಯ ಸೀಳು ಮತ್ತು ಏಣುಗಳು ಅದೇ ಗೆರೆಯಲ್ಲಿ ಸಿಕ್ಕವು. ನೆಲದ ಈ ಗುರುತು ಅಕಸ್ಮಾತ್ ಅಯನದ ದಿಕ್ಕಿಗಿದ್ದುದನ್ನು ಜನ ಕಂಡು ಈ ಜಾಗವನ್ನೇ ಆರಿಸಿಕೊಂಡರು ಎಂಬುದು ಅವರ ವಾದ. ಒಪ್ಪದವರೂ ಇದ್ದಾರೆ. ಗಮನಿಸಬೇಕಾದ್ದು ಏನೆಂದರೆ, ಈ ವಾದದಲ್ಲಿ ಕಾಕತಾಳೀಯವೂ ಇದೆ, ಉದ್ದೇಶವೂ ಇದೆ.

ಅಂದಮೇಲೆ ಸ್ಟೋನ್‌ಹೆಂಜ್ ಒಂದು ವೀಕ್ಷಣಾಲಯ, ಪಂಚಾಂಗ ಅನ್ನಬಹುದೇ?

ಅಲ್ಲಿಗೆ ಜಿಗಿಯಬಾರದು. ದೇವಸ್ಥಾನದ ಬಾಗಿಲು ಪೂರ್ವಕ್ಕಿದೆ ಎಂದ ಮಾತ್ರಕ್ಕೆ ಅದು ದಿಕ್ಸೂಚಿಯಾಗುವುದಿಲ್ಲ. ದಿಕ್ಕು ಪೂಜೆಗೆ, ಸತ್ತವರ ನೆನಪಿಗೆ, ಹಬ್ಬಕ್ಕೆ ಸಂಬಂಧಪಟ್ಟಿರಬಹುದು.

2022ರಲ್ಲಿ ಪುರಾತತ್ವಜ್ಞ ಟಿಮೊಥಿ ಡಾರ್ವಿಲ್, ಮೂವತ್ತು ಕಂಬ ಮೂವತ್ತು ದಿನ, ಐದು ಕಲ್ಲುಬಾಗಿಲು ವರ್ಷದ ಕೊನೆಯ ಐದು ದಿನ, ಹೀಗೆ ಇದು 365 ಕಾಲು ದಿನದ ಸೌರ ಪಂಚಾಂಗ ಎಂದು ಮಂಡಿಸಿದರು. 2023ರಲ್ಲಿ ಜೂಲಿಯೊ ಮಾಗ್ಲಿ ಮತ್ತು ಹುವಾನ್ ಅಂತೋನಿಯೊ ಬೆಲ್ಮೊಂತೆ ಅದನ್ನು ಅಲ್ಲಗಳೆದರು. ಮೂವತ್ತನ್ನು ಹನ್ನೆರಡರಿಂದ ಗುಣಿಸಬೇಕು, ಹನ್ನೆರಡು ಎಂಬ ಸಂಖ್ಯೆ ಕಲ್ಲುಗಳಲ್ಲಿ ಎಲ್ಲಿಯೂ ಇಲ್ಲ. ಇನ್ನೊಂದು ತಕರಾರು ನಾನು ಮೊದಲೇ ಹೇಳಿದ ನಿಧಾನದ್ದು: ಅಯನದ ಹೊತ್ತಿಗೆ ಸೂರ್ಯ ದಿನದಿಂದ ದಿನಕ್ಕೆ ಸರಿಯುವುದು ಎಷ್ಟು ಕಡಿಮೆಯೆಂದರೆ, ದೊಡ್ಡ ಒರಟು ಕಲ್ಲುಗಳಿಂದ ಇಂದೇ ಆ ದಿನ ಎಂದು ಹಿಡಿಯಲಾಗದು. ದಿನವೇ ಸಿಗದಿದ್ದರೆ ಕಾಲು ದಿನ ಎಲ್ಲಿಂದ ಬಂತು?

ಕಲ್ಲುಬಾಗಿಲಿಲ್ಲದ, ಹಾದಿಯಿಲ್ಲದ ಸಣ್ಣ ವೃತ್ತಗಳನ್ನು ಪರೀಕ್ಷಿಸುವುದು ಹೇಗೆ?

ಒಂದೊಂದನ್ನೇ ಅಲ್ಲ, ಗುಂಪಾಗಿ. ಈಶಾನ್ಯ ಸ್ಕಾಟ್ಲೆಂಡಿನಲ್ಲಿ ಒಂದೇ ಮಾದರಿಯ ಅನೇಕ ವೃತ್ತಗಳಿವೆ. ಪ್ರತಿಯೊಂದರಲ್ಲೂ ಒಂದು ದೊಡ್ಡ ಕಲ್ಲನ್ನು ಮಲಗಿಸಿ, ಅದರ ಎರಡೂ ಪಕ್ಕ ಎತ್ತರದ ಕಲ್ಲು ನಿಲ್ಲಿಸಿದ್ದಾರೆ. ಹೀಗಾಗಿ ಯಾವ ದಿಕ್ಕನ್ನು ಅಳೆಯಬೇಕು ಎಂದು ಸಂಶೋಧಕರು ಆರಿಸುವ ಹಾಗಿಲ್ಲ, ಕಲ್ಲೇ ಹೇಳುತ್ತದೆ. ಕ್ಲೈವ್ ರಗಲ್ಸ್ ಮತ್ತು ಆಬ್ರಿ ಬರ್ಲ್ ಅಳೆದಾಗ ಮಲಗಿದ ಕಲ್ಲುಗಳೆಲ್ಲಾ ದಕ್ಷಿಣ ಮತ್ತು ನೈರುತ್ಯದ ಸುತ್ತಿನ, ದಿಗಂತದ ಸುಮಾರು ಕಾಲು ಭಾಗದೊಳಗೇ ಇದ್ದವು. ಒಂದು ವೃತ್ತ ಅಲ್ಲಿ ಬೀಳುವುದು ನಾಲ್ಕಕ್ಕೊಂದು ಸಂಭವ. ಹತ್ತು ವೃತ್ತ ತಾವಾಗೇ ಅಲ್ಲಿ ಬೀಳುವುದು ಹತ್ತು ಲಕ್ಷಕ್ಕೊಂದು. ಇದು ಉದ್ದೇಶಪೂರ್ವಕ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ದಿಕ್ಕುಗಳು ಅಯನದ ಸೂರ್ಯನಿಗೆ ಒಟ್ಟಾಗಿ ಹೊಂದುವುದಿಲ್ಲ. ಬೇಸಿಗೆಯಲ್ಲಿ ದಕ್ಷಿಣದ ಆಕಾಶದಲ್ಲಿ ಕೆಳಗೇ ಹಾದುಹೋಗುವ ಹುಣ್ಣಿಮೆ ಚಂದ್ರನಿಗಿರಬಹುದು ಎಂಬುದು ರಗಲ್ಸ್ ಅವರ ಅಭಿಪ್ರಾಯ.

ಎಂಜಿನಿಯರ್ ಅಲೆಕ್ಸಾಂಡರ್ ಥಾಮ್ ದಶಕಗಟ್ಟಲೆ ಅಳೆದು, ಕಲ್ಲುಗಳು ಡಿಗ್ರಿಯ ಅರವತ್ತರಲ್ಲೊಂದು ಪಾಲಿನ ಆಸುಪಾಸಿನ ನಿಖರತೆಗೆ ಹೊಂದಿಸಿದವು ಎಂದಿದ್ದರು. ಅವರ ಸರ್ವೇ ಕೆಲಸ ಇವತ್ತಿಗೂ ಗೌರವಕ್ಕೆ ಪಾತ್ರ. 1984ರಲ್ಲಿ ರಗಲ್ಸ್ ಪಶ್ಚಿಮ ಸ್ಕಾಟ್ಲೆಂಡಿನ 300 ತಾಣಗಳನ್ನು ತೆಗೆದುಕೊಂಡು, ಯಾವ ಗೆರೆ ಅಳೆಯಬೇಕು ಎಂಬ ನಿಯಮವನ್ನು ಮೊದಲೇ ಬರೆದಿಟ್ಟು, ಹೊಂದಿದ್ದು ಹೊಂದದ್ದು ಎಲ್ಲವನ್ನೂ ಎಣಿಸಿದರು. ಒಂದೆರಡು ಡಿಗ್ರಿಯ ಮಟ್ಟದಲ್ಲಿ ಕೆಲವು ದಿಕ್ಕುಗಳ ಒಲವು ಉಳಿಯಿತು. ಥಾಮ್ ಹೇಳಿದ ಸೂಕ್ಷ್ಮ ನಿಖರತೆ ಉಳಿಯಲಿಲ್ಲ.

ವಿಷುವದ ದಿನಕ್ಕೆ ಹೊಂದುತ್ತದೆ ಎಂಬ ಹೇಳಿಕೆಗಳು?

ನಾನು ಅನುಮಾನದಿಂದಲೇ ನೋಡುತ್ತೇನೆ. ಅಯನದಲ್ಲಿ ಸೂರ್ಯ ತಿರುಗುವುದು ಕಣ್ಣಿಗೆ ಕಾಣುತ್ತದೆ. ವಿಷುವದಲ್ಲಿ ದಿಗಂತದ ಮೇಲೆ ಅಂಥ ಗುರುತೇನೂ ಇಲ್ಲ, ಸೂರ್ಯ ಅಲ್ಲಿ ಅತಿ ವೇಗವಾಗಿ ದಾಟಿಹೋಗುತ್ತಾನೆ. ನಡುದಿನವನ್ನು ಎಣಿಸಿ ಹಿಡಿದರೋ, ಎರಡು ತುದಿಗಳ ನಡುಬಿಂದು ಹಿಡಿದರೋ, ಸಮನೆ ಹಗಲು ರಾತ್ರಿ ನೋಡಿದರೋ ಎಂಬುದರ ಮೇಲೆ ದಿಕ್ಕು ಒಂದೆರಡು ಡಿಗ್ರಿ ಬದಲಾಗುತ್ತದೆ.

ಕರ್ನಾಟಕದಲ್ಲಿ ಇಂಥವು ಇವೆಯೇ?

ನಮ್ಮಲ್ಲಿನ ಕಲ್ಲಿನ ವೃತ್ತಗಳು ಬಹುಪಾಲು ಕಬ್ಬಿಣ ಯುಗದ ಸಮಾಧಿಗಳ ಸುತ್ತ ಇಟ್ಟವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದದ್ದು ಅಂಥವನ್ನೇ. ಅವು ಸ್ಟೋನ್‌ಹೆಂಜಿಗಿಂತ ಬಹಳ ಈಚಿನವು, ಸಂಬಂಧವೂ ಇಲ್ಲ. ಸೂರ್ಯನ ಪ್ರಶ್ನೆ ಹೆಚ್ಚಾಗಿ ಎದ್ದಿರುವುದು ವೃತ್ತಗಳ ಬಗ್ಗೆ ಅಲ್ಲ, ನಿಲುಗಲ್ಲುಗಳ ಗುಂಪುಗಳ ಬಗ್ಗೆ. ಹೊಸನಗರ ತಾಲೂಕಿನ ನಿಲಸ್ಕಲ್ ಮತ್ತು ಬೈಸೆಯ ನಿಲುಗಲ್ಲುಗಳನ್ನು ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮೊದಲಾದವರು ಅಳೆದು, ಕೆಲವು ಜೋಡಿ ಕಲ್ಲುಗಳು ಅಯನದ ಉದಯ ಅಸ್ತಗಳನ್ನು ತೋರಿಸುತ್ತವೆ ಎಂದು ಬರೆದಿದ್ದಾರೆ.

ಇಲ್ಲಿ ಒಂದು ಅನುಕೂಲವಿದೆ. 14 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಸುಮಾರು ನೇರವಾಗಿ ಏಳುತ್ತಾನೆ, ಆದ್ದರಿಂದ ಎದುರಿಗೆ 3 ಡಿಗ್ರಿ ಎತ್ತರದ ಗುಡ್ಡ ಅಡ್ಡ ಬಂದರೂ ಉದಯದ ಜಾಗ ಒಂದು ಡಿಗ್ರಿಗಿಂತ ಕಡಿಮೆ ಸರಿಯುತ್ತದೆ. ಇಂಗ್ಲೆಂಡಿನಲ್ಲಿ ಅದೇ ಗುಡ್ಡ 5 ಡಿಗ್ರಿ ಸರಿಸುತ್ತಿತ್ತು. ಮಲೆನಾಡಿನ ಮರಗಳು ದಿಗಂತ ಮುಚ್ಚಿದ್ದರೂ ಲೆಕ್ಕ ಅಷ್ಟು ಕೆಡುವುದಿಲ್ಲ.

ಅನನುಕೂಲ ಕಲ್ಲುಗಳ ಸಂಖ್ಯೆ. ಇಪ್ಪತ್ತೈದು ಕಲ್ಲು ಚದುರಿ ನಿಂತಿದ್ದರೆ 600 ನೋಟಗೆರೆಗಳು, ಒಂದು ಡಿಗ್ರಿ ಸಡಿಲ ಬಿಟ್ಟರೆ ಹದಿಮೂರು ಆಕಸ್ಮಿಕವಾಗಿಯೇ ಹೊಂದುತ್ತವೆ. ಹಾಗಾಗಿ ಇಂಥ ಗುಂಪುಗಳಲ್ಲಿ ಯಾರಾದರೂ ಹೊಂದುವ ಜೋಡಿಗಳನ್ನು ತೋರಿಸಿದರೆ ನಾನು ಮೊದಲು ಕೇಳುವುದು, ಹೊಂದಿದವು ಹದಿಮೂರಕ್ಕಿಂತ ಎಷ್ಟು ಹೆಚ್ಚು ಎಂದು. ಆಮೇಲೆ ಕೇಳುವುದು, ಒಂದೇ ಬಗೆಯ ಇನ್ನೊಂದು ಗುಂಪಿನಲ್ಲಿ, ಅದೇ ಆಕಾರದ ಕಲ್ಲುಗಳನ್ನೇ, ಅದೇ ನಿಯಮದಿಂದ ಆರಿಸಿದಾಗ ಅದೇ ದಿಕ್ಕು ಬಂತೇ ಎಂದು.